ಬಿಚ್ಚಿದ ಕದದಿಂದ ಮೊಮ್ಮಗಳಿಗೆ ಹೆಸರು ಕಲಿಸಿದ್ದು

ಬಾಗಿಲಿನ ಭಾಗಗಳ ಹೆಸರನ್ನು ಮಕ್ಕಳಿಗೆ ನಿಂತ ಬಾಗಿಲಿನ ಮೇಲೆ ಕಲಿಸಬಾರದು. ಮೊದಲು ನಾನೂ ಹಾಗೇ ಮಾಡಿದ್ದೆ. ಸೀಮೆಸುಣ್ಣದಲ್ಲಿ ನಿಲುವುಪಟ್ಟಿ, ಅಡ್ಡಪಟ್ಟಿ, ಹಲಗೆ ಎಂದು ಬರೆದೆ. ಎಂಟು ವರ್ಷದ ಮೊಮ್ಮಗಳು ಎರಡೇ ದಿನದಲ್ಲಿ ಬಾಯಿಪಾಠ ಒಪ್ಪಿಸಿದಳು. ಕದವನ್ನು ನೆಲಕ್ಕೆ ಮಲಗಿಸಿದೊಡನೆ ಎಲ್ಲ ಕಲಸಿಹೋಯಿತು. ಮಲಗಿದ್ದನ್ನು ನಿಲುವು ಎನ್ನುವುದು ಹೇಗೆ?

ಆಮೇಲೆ ಹಳೆಯ ಕದವೊಂದನ್ನು ಬೆಣೆ ತೆಗೆದು ಪೂರ್ತಿ ಬಿಚ್ಚಿ ರಾಶಿ ಹಾಕಿದೆ. ಚಿಕ್ಕವರ ಕೈಗೆ ಇದೆಲ್ಲ ಆಗದು ಎಂದು ಮನೆಯವರೆಲ್ಲ ಹೇಳಿದರು. ಹೆಸರು ನಾನು ಹೇಳಲಿಲ್ಲ.

"ಅಜ್ಜ, ಇದು ಯಾವುದು?"

"ತುದಿ ನೋಡು ಮಗಾ. ನಾಲಿಗೆ ಇದೆಯಾ, ಪಕ್ಕದಲ್ಲಿ ತೂತು ಇದೆಯಾ?"

ತುದಿಯಲ್ಲಿ ನಾಲಿಗೆ ಇದ್ದರೆ ಅದು ಅಡ್ಡಪಟ್ಟಿ, ಪಕ್ಕದಲ್ಲಿ ತೂತು ಇದ್ದರೆ ನಿಲುವುಪಟ್ಟಿ. ನಾಲಿಗೆಯನ್ನು ತೂತಿನಲ್ಲಿ ಆಚೆ ಬದಿಯವರೆಗೆ ತೂರಿಸಿ ಬೆಣೆ ಹೊಡೆದು ಬಿಗಿಯುತ್ತೇವೆ. ಕದ ಯಾವ ಕಡೆ ಬಿದ್ದಿದ್ದರೂ ಇದು ತಪ್ಪುವುದಿಲ್ಲ. ಒಂದೂವರೆ ಅಂಗುಲ ದಪ್ಪದ ಪಟ್ಟಿಗೆ ನಾಲಿಗೆ ಮೂರರಲ್ಲೊಂದು ಪಾಲು, ಅಂದರೆ ಸುಮಾರು ಅರ್ಧ ಅಂಗುಲ. ದಪ್ಪ ಮಾಡಿದರೆ ತೂತಿನ ಗೋಡೆ ಸೀಳುತ್ತದೆ, ತೆಳು ಮಾಡಿದರೆ ನಾಲಿಗೆಯೇ ಮುರಿಯುತ್ತದೆ.

ಹೊಸ ನಿಲುವುಪಟ್ಟಿಯ ಎರಡೂ ತುದಿಯಲ್ಲಿ ಒಂದೊಂದು ಅಂಗುಲ ಹೆಚ್ಚಿಗೆ ಬಿಟ್ಟಿರುತ್ತೇವಲ್ಲ, ಆ ಕೊಂಬನ್ನು ಅವಳು ಕೆಲಸಕ್ಕೆ ಬಾರದ್ದು ಎಂದು ಮೊದಲೇ ಕೊಯ್ದಳು. ಬೆಣೆ ಹೊಡೆದಾಗ ತುದಿ ಬಿರಿಯಿತು. ಒಂದು ಪಟ್ಟಿಯೂ ಅರ್ಧ ದಿನದ ದುಡಿಮೆಯೂ ಹೋಯಿತು. ಆದರೆ ಕೊಂಬು ಅನ್ನುವ ಹೆಸರು ಮತ್ತೆ ಹೇಳಿಕೊಡಬೇಕಾಗಲಿಲ್ಲ.

ಹೆಚ್ಚು ನಷ್ಟವಾದದ್ದು ಹಲಗೆಯಲ್ಲಿ. ಗಟ್ಟಿಯಾಗಲಿ ಎಂದು ಅವಳು ಹಲಗೆಯ ಅಂಚನ್ನೂ ಪಟ್ಟಿಯ ಕಾಲುವೆಗೆ ಅಂಟಿಸಿಬಿಟ್ಟಳು. ಕೆಲವು ತಿಂಗಳಲ್ಲಿ ಹವೆ ಒಣಗಿ, ಹಲಗೆ ಅಗಲದಲ್ಲಿ ಕುಗ್ಗಿ, ನಟ್ಟನಡುವೆ ಉದ್ದಕ್ಕೆ ಸೀಳಿತು. ಎರಡು ಕಡೆ ಕಟ್ಟಿಹಾಕಿದ ಮರ ಕುಗ್ಗಲು ಜಾಗವಿಲ್ಲದೆ ನಡುವೆಯೇ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಹಲಗೆಗೆ ಅಂಟು ಕೂಡದು. ಅಕ್ಕಪಕ್ಕದ ಕಾಲುವೆಯೊಳಗೆ ಒಂದೊಂದು ನೂಲಿನಷ್ಟು ಜಾಗ ಬಿಟ್ಟು ಸುಮ್ಮನೆ ಕೂರಿಸಬೇಕು. ಬಡಿದಾಗ ಗಡಗಡ ಅನ್ನದಂತೆ ಅಂಚಿಗೆ ನಾನು ಸವರುವುದು ಏನು ಎನ್ನುವುದು ನಮ್ಮ ಮನೆಯಲ್ಲೇ ಇರಲಿ.

ಕಣ್ಣು ಕಟ್ಟಿಯೂ ನೋಡಿದೆ. ಅಂಚು ಇಳಿಜಾರಾದ್ದರಿಂದ ಹಲಗೆಯನ್ನು ಮುಟ್ಟಿದ ತಕ್ಷಣ ಹೇಳುತ್ತಿದ್ದಳು. ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗೆ ಮಾತ್ರ ಗೇಣು ಹಾಕಿ ಅಳೆಯಬೇಕಾಯಿತು, ಕೆಳಗಿನದು ಹೆಚ್ಚು ಅಗಲ. ಚೌಕಟ್ಟು, ಹೊಸ್ತಿಲು, ತೋಳು, ಕೀಲು, ಅಗುಳಿ ಒಂದೇ ಸಂಜೆಯಲ್ಲಿ ಮುಗಿದವು. ಅವು ಕಣ್ಣಿಗೆ ಕಾಣುವಂಥವು.

ಐದಾರು ತಿಂಗಳಾದ ಮೇಲೆ ಬೇರೆಯವರು ಮಾಡಿದ ಕದವೊಂದು ರಿಪೇರಿಗೆ ಬಂತು. ಅವಳು ನಿಲುವುಪಟ್ಟಿಯ ಅಂಚಿನ ಮೇಲೆ ಬೆರಳಾಡಿಸಿ, "ಅಜ್ಜ, ಇಲ್ಲಿ ನಾಲಿಗೆ ಹೊರಗೆ ಬಂದೇ ಇಲ್ಲ, ಬೆಣೆಯೂ ಇಲ್ಲ" ಅಂದಳು. ಬಿಚ್ಚಿ ನೋಡಿದರೆ ನಾಲಿಗೆ ಒಂದು ಅಂಗುಲವೂ ಇರಲಿಲ್ಲ, ಬರೀ ಅಂಟಿನ ಮೇಲೆ ನಿಂತಿತ್ತು.