ಆಡು ಮಾಡು ಹತ್ತುವುದೇಕೆಂದು ತಿಳಿಯಲು ಗೊರಸನ್ನು ಎತ್ತಿ ನೋಡಿ

ನಿಲ್ಲಿಸಿದ ಕಾರಿನ ಮೇಲೋ ಶೀಟಿನ ಮಾಡಿನ ಮೇಲೋ ಆಡು ಹತ್ತಿದರೆ ಜನ ಅದನ್ನು ತುಂಟತನವೆಂದು ಬಗೆದು ಕೋಲು ಹಿಡಿಯುತ್ತಾರೆ. ಸಾಕುವವರಲ್ಲೂ ಹಲವರು ಆ ಪಾದದ ರಚನೆಯನ್ನು ಅರಿಯದೆ ಗೊರಸು ಕತ್ತರಿಸಿ, ಅದರ ಹಿಡಿತವನ್ನೇ ಕೆಡಿಸುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಡನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿ, ಮುಂಗಾಲನ್ನು ಹಿಂದಕ್ಕೆ ಮಡಚಿ ಎತ್ತಿಕೊಳ್ಳಿ.

ಗೊರಸು ಎರಡು ಭಾಗವಾಗಿ ಸೀಳಿರುತ್ತದೆ. ಪ್ರತಿ ಭಾಗದ ಅಂಚು ನಮ್ಮ ಉಗುರಿನಂತೆ ಗಟ್ಟಿ. ಅಂಚಿನ ಒಳಗಿನ ಅಂಗಾಲು, ಅದರಲ್ಲೂ ಹಿಮ್ಮಡಿ, ಹೆಬ್ಬೆರಳಿನಿಂದ ಒತ್ತಿದರೆ ರಬ್ಬರಿನಂತೆ ತುಸು ತಗ್ಗುತ್ತದೆ. ಬಂಡೆಯ ಸಣ್ಣ ಉಬ್ಬಿಗೆ ಗಟ್ಟಿ ಅಂಚು ಸಿಕ್ಕಿಕೊಳ್ಳುತ್ತದೆ, ಮೆತ್ತನೆಯ ಭಾಗ ಕಲ್ಲಿನ ಉಬ್ಬುತಗ್ಗಿಗೆ ಹೊಂದಿಕೊಂಡು ಜಾರದಂತೆ ಹಿಡಿಯುತ್ತದೆ. ಇಳಿಯುವಾಗ ಎರಡು ಭಾಗಗಳೂ ಅಗಲಗೊಂಡು ತಡೆಯೊಡ್ಡುತ್ತವೆ. ಕಾರಿನ ಬಣ್ಣ ಗೀರುವುದು ಆ ಗಟ್ಟಿ ಅಂಚೇ. ನುಣುಪಾದ ಶೀಟು ಮಳೆಯಲ್ಲಿ ನೆನೆದಿದ್ದರೆ ಮಾತ್ರ ಆಡೂ ಜಾರುತ್ತದೆ.

ಇನ್ನು ಕತ್ತರಿಸುವ ಕೆಲಸ. ಹೆಚ್ಚಿನವರು ಎಡವುವುದು ಇಲ್ಲಿಯೇ. ಮೆತ್ತನೆಯ ನೆಲದಲ್ಲಿ ಕಟ್ಟಿಹಾಕಿದ ಆಡಿನ ಗೊರಸು ಸವೆಯದೆ ಬೆಳೆದು, ಅಂಚು ಒಳಕ್ಕೆ ಮಡಚಿಕೊಂಡು ಅಂಗಾಲನ್ನು ಮುಚ್ಚುತ್ತದೆ. ಆ ಮಡಿಕೆಯೊಳಗೆ ಹಿಕ್ಕೆ, ಕೆಸರು ತುಂಬಿ ಕೊಳೆಯುತ್ತದೆ. ಮೊದಲು ಅದನ್ನು ಕೆರೆದು ತೆಗೆಯಿರಿ. ಬಳಿಕ ಮಡಚಿದ ಅಂಚನ್ನಷ್ಟೇ, ರೋಮ ಮುಗಿದು ಗೊರಸು ಆರಂಭವಾಗುವ ಗೆರೆಗೆ ಸಮಾನಾಂತರವಾಗಿ, ತೆಳುವಾಗಿ ಸವರುತ್ತ ಬನ್ನಿ. ಅಂಗಾಲಿನಲ್ಲಿ ನಸುಗೆಂಪು ಕಂಡೊಡನೆ ಕೈ ನಿಲ್ಲಿಸಬೇಕು, ಮುಂದೆ ಹೋದರೆ ರಕ್ತ ಬರುತ್ತದೆ. ನುಣ್ಣಗೆ ಕಾಣಲೆಂದು ಹಿಮ್ಮಡಿಯ ಮೆತ್ತನೆಯ ಭಾಗವನ್ನೂ ಹೆರೆದುಬಿಡುವುದು ದೊಡ್ಡ ತಪ್ಪು, ಏಕೆಂದರೆ ಹಿಡಿತ ಇರುವುದೇ ಅಲ್ಲಿ. ಮೊಂಡು ಕತ್ತರಿ ಗೊರಸನ್ನು ಕತ್ತರಿಸದೆ ಜಜ್ಜುತ್ತದೆ, ಅಗ್ಗವೆಂದು ಅದನ್ನು ಕೊಳ್ಳಬೇಡಿ. ಮಳೆ ಬಂದ ಮರುದಿನ ಗೊರಸು ನೆನೆದು ಮೆದುವಾಗಿರುವುದರಿಂದ ನಾನು ಆ ದಿನವನ್ನೇ ಆರಿಸಿಕೊಳ್ಳುತ್ತೇನೆ. ಕೆಲಸ ಸರಿಯಾಗಿದ್ದರೆ ಆಡು ಇಡೀ ಗೊರಸನ್ನೂರಿ ನಿಲ್ಲುತ್ತದೆ. ಕುಂಟಿದರೆ ಹೆಚ್ಚು ಕತ್ತರಿಸಿದ್ದೀರಿ ಎಂದು ತಿಳಿಯಿರಿ.

ಹತ್ತುವ ಬಯಕೆ ಮಾತ್ರ ಕತ್ತರಿಗೆ ಸಿಗುವಂಥದ್ದಲ್ಲ. ಸಾಕು ಆಡಿನ ಮೂಲವಾದ ಬೆಜೋರ್ ಕಾಡಾಡು ಪಶ್ಚಿಮ ಏಷ್ಯಾದ ಕಡಿದಾದ ಬೆಟ್ಟಗಳದು. ಬೇಟೆಮೃಗ ಹತ್ತಲಾರದ ಕಲ್ಲೇ ಅದಕ್ಕೆ ಆಸರೆ. ಕುರಿ ತಲೆ ತಗ್ಗಿಸಿ ಹುಲ್ಲು ಮೇಯ್ದರೆ ಆಡು ಕತ್ತೆತ್ತಿ ಚಿಗುರು ಹುಡುಕುತ್ತದೆ. ಆಡು ಮುಟ್ಟದ ಸೊಪ್ಪಿಲ್ಲವೆನ್ನುವಾಗ ಎತ್ತರದ ಸೊಪ್ಪೂ ಆ ಲೆಕ್ಕದಲ್ಲಿ ಸೇರಿದೆ.

ಆದ್ದರಿಂದ ದೊಡ್ಡಿಯೊಳಗೇ ಒರಟು ಕಲ್ಲುಗಳನ್ನು ಅಲುಗದಂತೆ ಪೇರಿಸಿಡಿ. ಹತ್ತಲು ಜಾಗವೂ ಆಯಿತು, ಗೊರಸೂ ಸವೆಯುತ್ತದೆ. ಮಾಡಿಗೆ ಆಡು ಸಾಮಾನ್ಯವಾಗಿ ಒಂದೇ ನೆಗೆತಕ್ಕೆ ಏರುವುದಿಲ್ಲ, ನಡುವೆ ಸೌದೆ ರಾಶಿಯನ್ನೋ ಮೋಟುಗೋಡೆಯನ್ನೋ ಮೆಟ್ಟಿಲಾಗಿಸಿಕೊಳ್ಳುತ್ತದೆ. ಸೌದೆಯನ್ನು ಗೋಡೆಯಿಂದ ದೂರಕ್ಕೆ ಸರಿಸಿ, ಕಾರನ್ನು ಮೋಟುಗೋಡೆಯ ಪಕ್ಕ ನಿಲ್ಲಿಸಬೇಡಿ.