2 ಟಿಬಿಯಿಂದ 200 ಜಿಬಿಗೆ ಇಳಿದಾಗ ಮನೆಯ ಆರು ಖಾತೆಗಳಿಗೆ ಏನಾಯ್ತು

"ಅಣ್ಣಾ, ನಾಲ್ಕು ದಿನದಿಂದ ನನಗೆ ಒಂದೂ ಮೇಲ್ ಬಂದಿಲ್ಲ ಕಣೋ. ಕಳಿಸಿದವರಿಗೆಲ್ಲ ವಾಪಸ್ ಹೋಗ್ತಿದೆಯಂತೆ" ಎಂದು ತಂಗಿ ಫೋನ್ ಮಾಡಿದಳು. ಅವಳ ಸ್ನೇಹಿತೆಗೆ ವಾಪಸ್ ಬಂದಿದ್ದ ಮೇಲ್‌ನ ಚಿತ್ರ ಕಳಿಸಿಕೊಟ್ಟಳು. ಅದರಲ್ಲಿ `The recipient's inbox is out of storage space` ಎಂದಿತ್ತು, ಅಂದರೆ ಮೇಲ್ ಪಡೆಯಬೇಕಾದವರ ಖಾತೆಯಲ್ಲಿ ಜಾಗ ಇಲ್ಲ. ಆಗ ನನಗೆ ಹೊಳೆಯಿತು. ಮೇಲ್, ಫೋಟೊ, ಡ್ರೈವ್‌ಗೆ ಜಾಗ ಕೊಡುವ ನಮ್ಮ ಗೂಗಲ್ ಒನ್ ಪ್ಲಾನ್ ನಾಲ್ಕು ದಿನದ ಹಿಂದೆಯೇ 2 ಟಿಬಿಯಿಂದ 200 ಜಿಬಿಗೆ ಇಳಿದಿತ್ತು. ಇಳಿಸಿದವನು ನಾನೇ.

ನಮ್ಮ ಗುಂಪಿನಲ್ಲಿ ಆರು ಜನ: ನಾನು, ಹೆಂಡತಿ, ಮಗ, ಅಪ್ಪ, ತಂಗಿ ಮತ್ತು ಭಾವ. ಪ್ಲಾನ್ ಕೊಂಡವನು ನಾನು, ಉಳಿದ ಐದು ಜನ ಅದರ ಜಾಗ ಹಂಚಿಕೊಳ್ಳುವವರು. 2 ಟಿಬಿ ಯಾವತ್ತೂ ಕಾಲು ಭಾಗದಷ್ಟೂ ತುಂಬಿರಲಿಲ್ಲ. ಸುಮ್ನೆ ಯಾಕೆ ದುಡ್ಡು ಅಂತ ಕಡಿಮೆ ಪ್ಲಾನ್ ಆರಿಸಿದೆ. ಆರಿಸಿದ ದಿನ ಏನೂ ಬದಲಾಗಲಿಲ್ಲ. ಕಟ್ಟಿದ ತಿಂಗಳು ಮುಗಿಯುವವರೆಗೆ ಹಳೆಯ ಜಾಗವೇ ಇತ್ತು. ಆ ಎರಡು ಮೂರು ವಾರ ಎಲ್ಲ ಸರಿಯಾಗಿಯೇ ನಡೆದದ್ದರಿಂದ ನಾನೂ ಮರೆತುಬಿಟ್ಟೆ.

ಅಸಲಿಗೆ ಇಳಿದ ದಿನ ಒಂದು ಪರೀಕ್ಷೆ ಮಾಡಿದ್ದೆ. ಅಪ್ಪನಿಗೆ ಒಂದು ಮೇಲ್ ಕಳಿಸಿದೆ. ತಲುಪಿತು. ಸರಿ ಇದೆ ಅಂದುಕೊಂಡೆ. ಆರು ಜನರಲ್ಲಿ ತೊಂದರೆಯಾಗಲು ಸಾಧ್ಯವೇ ಇಲ್ಲದ ಒಂದೇ ಖಾತೆಯನ್ನು ಆರಿಸಿ ಪರೀಕ್ಷೆ ಮಾಡಿದ್ದೆ ಎನ್ನುವುದು ಆಮೇಲೆ ಗೊತ್ತಾಯಿತು.

ಯಾಕೆ ಅಂದರೆ, ಗುಂಪಿನ ಪ್ರತಿ ಸದಸ್ಯರಿಗೂ ಅವರದೇ ಉಚಿತ 15 ಜಿಬಿ ಇರುತ್ತದೆ. ಅವರ ಮೇಲ್, ಫೋಟೊ, ಡ್ರೈವ್ ಮೊದಲು ಅದನ್ನು ತುಂಬುತ್ತವೆ. ಅದು ದಾಟಿದ ಮೇಲಷ್ಟೇ ಹಂಚಿಕೆಯ ಜಾಗಕ್ಕೆ ಕೈ ಹಾಕುತ್ತವೆ. ಹಂಚಿಕೆಯ ಜಾಗ ತುಂಬಿ ತುಳುಕಿದಾಗ ಸಿಕ್ಕಿಬೀಳುವವರು 15 ದಾಟಿದವರು. ಅಪ್ಪ ಬಳಸಿದ್ದು 11 ಜಿಬಿ. ಅವರಿಗೆ ಬಿಸಿಯೇ ತಾಗಲಿಲ್ಲ.

ಯಾರ ಫೋಟೊವೂ ಅಳಿಸಿಹೋಗಿರಲಿಲ್ಲ. ಪ್ಲಾನ್ ಇಳಿಸಿದರೆ ಹೆಚ್ಚುವರಿ ಡೇಟಾ ಅಳಿಸಿಬಿಡುತ್ತಾರೆ ಅಂತ ತುಂಬಾ ಜನ ಹೆದರುತ್ತಾರೆ, ಅಲ್ವಾ? ಹಾಗೆ ಆಗುವುದಿಲ್ಲ. ಇದ್ದದ್ದು ಇದ್ದ ಹಾಗೇ ಇರುತ್ತದೆ, ನೋಡಬಹುದು, ಇಳಿಸಿಕೊಳ್ಳಬಹುದು. ಮಿತಿ ಮೀರಿ ಎರಡು ವರ್ಷ ಹಾಗೇ ಬಿಟ್ಟರೆ ಮಾತ್ರ ಅಳಿಸಬಹುದು ಎಂಬ ನಿಯಮ ಇದೆ. ಆದರೆ ಹೊಸದು ಒಳಗೆ ಬರುವುದು ನಿಂತುಹೋಗುತ್ತದೆ. ಡ್ರೈವ್‌ಗೆ ಫೈಲ್ ಏರುವುದಿಲ್ಲ, ಫೋಟೊ ಬ್ಯಾಕಪ್ ಆಗುವುದಿಲ್ಲ, ಮೇಲ್ ಬರುವುದೂ ಇಲ್ಲ ಹೋಗುವುದೂ ಇಲ್ಲ. ಫೋಟೊ ವಿಷಯ ಜಾಸ್ತಿ ಮೋಸದ್ದು. ತೆಗೆದ ಚಿತ್ರ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ, ಹಾಗಾಗಿ ಮೇಲೆ ಹೋಗಿಲ್ಲ ಎಂದು ಗಮನಕ್ಕೇ ಬರುವುದಿಲ್ಲ. ಹೆಂಡತಿಯ ಫೋನಿನಲ್ಲಿ ನಾಲ್ಕು ದಿನದ ಚಿತ್ರಗಳು ಹಾಗೇ ಕಾಯುತ್ತಿದ್ದವು.

ತಕ್ಷಣ ಒಂದು ತಿಂಗಳ ಮಟ್ಟಿಗೆ ಮತ್ತೆ 2 ಟಿಬಿಗೆ ಏರಿಸಿದೆ. ಇಳಿಯುವುದಕ್ಕೆ ತಿಂಗಳ ಕೊನೆ ಕಾಯಬೇಕಿತ್ತು, ಏರುವುದು ಆ ಕ್ಷಣವೇ ಆಯಿತು. ತಂಗಿಗೆ ಮೇಲ್ ಬರತೊಡಗಿತು. ಆದರೆ ವಾಪಸ್ ಹೋದ ಮೇಲ್‌ಗಳು ತಾವಾಗಿ ಬರಲಿಲ್ಲ. ಕಳಿಸಿದವರೇ ಮತ್ತೆ ಕಳಿಸಬೇಕು. ಯಾರು ಯಾರು ಕಳಿಸಿದ್ದರು ಎಂಬ ಪಟ್ಟಿ ಅವಳ ಹತ್ತಿರ ಎಲ್ಲಿರುತ್ತದೆ? ಇವತ್ತಿಗೂ ಆ ನಾಲ್ಕು ದಿನದ್ದು ಪೂರ್ತಿ ಸಿಕ್ಕಿಲ್ಲ.

ಎರಡನೇ ಸಲ ಮೊದಲು ಲೆಕ್ಕ ಬರೆದೆ. ಗೂಗಲ್ ಒನ್ ಪುಟದಲ್ಲಿ ಗುಂಪಿನ ಒಬ್ಬೊಬ್ಬರು ಎಷ್ಟು ಜಾಗ ಬಳಸಿದ್ದಾರೆ ಎಂದು ಕಾಣುತ್ತದೆ. ಯಾರ ಫೈಲೂ ನನಗೆ ಕಾಣುವುದಿಲ್ಲ, ಮೊತ್ತ ಮಾತ್ರ. ನಾನು 148, ಹೆಂಡತಿ 96, ತಂಗಿ 62, ಭಾವ 38, ಮಗ 27, ಅಪ್ಪ 11. ಒಟ್ಟು 382. ಇಷ್ಟನ್ನೇ ನೋಡಿದರೆ ಇಳಿಯುವುದು ಆಗದ ಮಾತು ಅನ್ನಿಸುತ್ತದೆ. ಆದರೆ ಸದಸ್ಯರ ತಲಾ 15 ಕಳೆದರೆ ಹೆಂಡತಿ 81, ತಂಗಿ 47, ಭಾವ 23, ಮಗ 12, ಅಪ್ಪ ಸೊನ್ನೆ. ನನ್ನದನ್ನು ಕಳೆಯದೆ ಹಾಗೇ ಇಟ್ಟೆ, ಸ್ವಲ್ಪ ಕೈ ಸಡಿಲ ಇರಲಿ ಅಂತ. ಮೊತ್ತ 311. ಅಂದರೆ 111 ಜಿಬಿ ಕರಗಿಸಬೇಕು. ತುದಿಯಲ್ಲಿ ನಿಲ್ಲುವುದು ಬೇಡ ಎಂದು 140 ಕರಗಿಸುವುದು ಎಂದು ಬರೆದುಕೊಂಡೆ.

ಭಾವ ಒಂದು ಉಪಾಯ ಹೇಳಿದರು: "ಮಾವನವರನ್ನೂ ನಮ್ಮಿಬ್ಬರನ್ನೂ ಗುಂಪಿನಿಂದ ತೆಗೆದುಬಿಡಿ, ಜಾಗ ಉಳಿಯುತ್ತೆ." ಅಪ್ಪನನ್ನು ತೆಗೆದರೆ ಉಳಿಯುವುದು ಸೊನ್ನೆ, ಲೆಕ್ಕದಲ್ಲೇ ಇದೆ. ತಂಗಿಯನ್ನು ತೆಗೆದರೆ ನಮಗೆ 47 ಉಳಿಯುತ್ತದೆ ನಿಜ, ಆದರೆ 62 ಜಿಬಿ ಹೊತ್ತುಕೊಂಡು ಅವಳು 15ರ ಮಿತಿಗೆ ಬೀಳುತ್ತಾಳೆ. ಅವಳ ಡೇಟಾ ಅವಳ ಜೊತೆಗೇ ಹೋಗುತ್ತದೆ, ಭಾರವೂ ಅವಳ ಜೊತೆಗೇ. ಮತ್ತೆ ಮೇಲ್ ಬಂದ್. ಇನ್ನೊಂದು ಗಂಟು ಇದೆ: ಒಬ್ಬರು ಒಂದು ಕುಟುಂಬ ಗುಂಪಿನಿಂದ ಇನ್ನೊಂದಕ್ಕೆ 12 ತಿಂಗಳಿಗೆ ಒಂದೇ ಸಲ ಬದಲಾಗಬಹುದು. ಇವತ್ತು ತೆಗೆದು ನಾಳೆ ಬೇರೆ ಕಡೆ, ನಾಡಿದ್ದು ವಾಪಸ್ ಎಂದು ಆಟ ಆಡುವ ಹಾಗಿಲ್ಲ.

ಭಾವ ಮಾತ್ರ ತಾವಾಗಿಯೇ ಹೊರಗೆ ಹೋದರು. ತಮ್ಮದೇ 100 ಜಿಬಿ ಪ್ಲಾನ್ ಅದೇ ಸಂಜೆ ಕೊಂಡರು. 38 ಅದರಲ್ಲಿ ಆರಾಮವಾಗಿ ಕೂರುತ್ತದೆ. ನಮಗೆ 23 ಉಳಿಯಿತು.

ನನ್ನ 148ರಲ್ಲಿ 41 ಜಿಬಿ ಡ್ರೈವ್‌ನಲ್ಲಿದ್ದ ಹಳೆಯ ವಿಡಿಯೊ. `drive.google.com/drive/quota` ಎಂದು ಟೈಪ್ ಮಾಡಿದರೆ ನಮ್ಮ ಫೈಲ್‌ಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರುತ್ತವೆ. ಮೊದಲ ಹದಿನೈದು ಫೈಲಿನಲ್ಲೇ ಬಹುಪಾಲು ಇತ್ತು. ಹಾರ್ಡ್ ಡಿಸ್ಕ್‌ಗೆ ಇಳಿಸಿ, ಅಲ್ಲಿ ತೆರೆದು ನೋಡಿ, ಆಮೇಲೆ ಅಳಿಸಿದೆ. ಸಂಖ್ಯೆ ಕದಲಲಿಲ್ಲ. ಕಸದ ಬುಟ್ಟಿಯಲ್ಲಿ ಇರುವಷ್ಟು ದಿನವೂ ಅದು ಲೆಕ್ಕಕ್ಕೆ ಸೇರುತ್ತದೆ. ಡ್ರೈವ್ ಬುಟ್ಟಿ 30 ದಿನ ಇಟ್ಟುಕೊಳ್ಳುತ್ತದೆ, ಬ್ಯಾಕಪ್ ಆದ ಫೋಟೊಗಳ ಬುಟ್ಟಿ 60 ದಿನ. ನಮ್ಮ ಕೈಯಲ್ಲಿದ್ದದ್ದು ಒಂದೇ ತಿಂಗಳು, ಹಾಗಾಗಿ ಬುಟ್ಟಿಯನ್ನು ಕೈಯಾರೆ ಖಾಲಿ ಮಾಡಿದೆ.

ಒಂದು ಫೋಲ್ಡರ್ ಮಾತ್ರ ನನ್ನನ್ನು ಚೆನ್ನಾಗಿ ಸತಾಯಿಸಿತು. ಫೋಲ್ಡರ್ ನನ್ನದು, ತುಂಬಾ ವಿಡಿಯೊ ಇದ್ದವು, ಆದರೆ ಆ ಸಾಲಿನಲ್ಲಿ ಅವು ಬರುತ್ತಲೇ ಇರಲಿಲ್ಲ. ಆಮೇಲೆ ನೋಡಿದರೆ ಅವನ್ನು ಹಾಕಿದ್ದು ತಂಗಿ. ಹಂಚಿದ ಫೋಲ್ಡರ್ ಯಾರದೇ ಇರಲಿ, ಫೈಲ್ ಏರಿಸಿದವರ ಖಾತೆಗೇ ಅದರ ಲೆಕ್ಕ. ನಾನು ಫೋಲ್ಡರಿನಿಂದ ತೆಗೆದರೆ ಯಾರಿಗೂ ಒಂದು ಜಿಬಿಯೂ ಉಳಿಯುತ್ತಿರಲಿಲ್ಲ. ಅವಳೇ ಬೇಡದ್ದನ್ನು ಅಳಿಸಿದಳು. 62 ಇದ್ದದ್ದು 44ಕ್ಕೆ ಬಂತು.

ಇಂಥದ್ದೇ ಇನ್ನೊಂದು ಹೆಂಡತಿಗೆ ಆಯಿತು. ಒಂದು ಭಾನುವಾರ ಕೂತು 2019ರ ಫೋಟೊಗಳಲ್ಲಿ ಮಸುಕಾದವನ್ನೆಲ್ಲ ಆರಿಸಿ ಅಳಿಸಿದಳು. ನೂರಾರು ಚಿತ್ರ. ಬುಟ್ಟಿ ಖಾಲಿ ಮಾಡಿದರೂ 96 ಹಾಗೇ ಕೂತಿತ್ತು. ಅವು ಆಗಿನ ಕಡಿಮೆ ಗಾತ್ರದ ಗುಣಮಟ್ಟದಲ್ಲಿ ಏರಿದ್ದವು. 2021ರ ಜೂನ್ 1ಕ್ಕೆ ಮುಂಚೆ ಹಾಗೆ ಏರಿದವು ಲೆಕ್ಕಕ್ಕೇ ಸೇರುವುದಿಲ್ಲ. ಲೆಕ್ಕಕ್ಕಿಲ್ಲದ್ದನ್ನು ಅಳಿಸಿದರೆ ಏನು ಉಳಿಯುತ್ತದೆ? "ಇದನ್ನು ಬೆಳಿಗ್ಗೆನೇ ಹೇಳಬಾರದಿತ್ತೇನ್ರೀ" ಎಂದಳು. ನನಗೂ ಬೆಳಿಗ್ಗೆ ಗೊತ್ತಿರಲಿಲ್ಲ. ಅವಳ ನಿಜವಾದ ಭಾರ ಬೇರೆ ಎರಡು ಕಡೆ ಇತ್ತು. ವಾಟ್ಸ್ಆ್ಯಪ್ ಬ್ಯಾಕಪ್ 14 ಜಿಬಿ ಹಿಡಿದಿತ್ತು. ಅದರಲ್ಲಿ ವಿಡಿಯೊ ಸೇರಿಸುವ ಆಯ್ಕೆ ತೆಗೆದು ಹೊಸದಾಗಿ ಬ್ಯಾಕಪ್ ಮಾಡಿದಾಗ 5ಕ್ಕೆ ಇಳಿಯಿತು. ಇನ್ನೊಂದು, ನಾನು ಹಂಚಿದ ಆಲ್ಬಮ್‌ಗಳ ಚಿತ್ರಗಳನ್ನು ಅವಳು ತನ್ನ ಖಾತೆಗೂ ಉಳಿಸಿಕೊಂಡಿದ್ದಳು. ಹಾಗೆ ಉಳಿಸಿಕೊಂಡರೆ ಒಂದೇ ಚಿತ್ರ ಇಬ್ಬರ ಲೆಕ್ಕದಲ್ಲೂ ಬರುತ್ತದೆ. ಅವು ಹೋದ ಮೇಲೆ ಇನ್ನೂ 18 ಕಡಿಮೆಯಾಗಿ 69ಕ್ಕೆ ಬಂತು.

ನನ್ನ ಫೋಟೊಗಳಿಗೆ ಮಾಡಿದ್ದು ವಾಪಸ್ ಬರಲಾಗದ ಕೆಲಸ, ಅದಕ್ಕೆ ಎರಡು ದಿನ ಹಿಡಿಸಿದೆ. ಗೂಗಲ್ ಫೋಟೋಸ್‌ನ ಸೆಟ್ಟಿಂಗ್ಸ್‌ನಲ್ಲಿ, ಕಂಪ್ಯೂಟರಿನಲ್ಲಿ ತೆರೆದಾಗ, `Recover storage` ಎಂದು ಬರುತ್ತದೆ. ಮೂಲ ಗಾತ್ರದಲ್ಲಿ ಇರುವವನ್ನು ಅದು ಕುಗ್ಗಿಸುತ್ತದೆ: ಚಿತ್ರ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದಿದ್ದರೆ ಅಷ್ಟಕ್ಕೆ, ವಿಡಿಯೊ 1080ಪಿಗೆ. ಒಮ್ಮೆ ಕುಗ್ಗಿದರೆ ಮೂಲ ಅಲ್ಲಿ ಇರುವುದಿಲ್ಲ. ಅದಕ್ಕೇ ಮೊದಲು, ನಮ್ಮ ಡೇಟಾ ಇಳಿಸಿಕೊಳ್ಳಲು ಗೂಗಲ್ ಕೊಡುವ ಟೇಕ್‌ಔಟ್‌ನಿಂದ ಎಲ್ಲವನ್ನೂ ಇಳಿಸಿಕೊಂಡೆ. ಅದರಲ್ಲಿ ಎರಡು ಮಾತು. ಎಲ್ಲಿಗೆ ಕಳಿಸಬೇಕು ಎಂದು ಕೇಳಿದಾಗ ಡ್ರೈವ್ ಆರಿಸಬೇಡಿ, ಆ ಜಿಪ್‌ಗಳೂ ಜಾಗ ತಿನ್ನುತ್ತವೆ. ಇಳಿಸಿಕೊಳ್ಳುವ ಲಿಂಕ್ ಆರಿಸಿ. ಮತ್ತೆ, ಚಿತ್ರದ ಪಕ್ಕದಲ್ಲಿ ಬರುವ ಜೇಸನ್ ಫೈಲ್‌ಗಳನ್ನು ಕಸ ಎಂದು ಎಸೆಯಬೇಡಿ. ನಾವು ಕೈಯಿಂದ ತಿದ್ದಿದ ದಿನಾಂಕ, ಸ್ಥಳ, ಬರೆದ ವಿವರ ಇರುವುದು ಅದರಲ್ಲಿ. ಅಮ್ಮನ ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿ ನಾನೇ ದಿನಾಂಕ ಹಾಕಿದ್ದೆ. ಜೇಸನ್ ಇಲ್ಲದಿದ್ದರೆ ಅವೆಲ್ಲ ಸ್ಕ್ಯಾನ್ ಮಾಡಿದ ದಿನಕ್ಕೆ ಹೋಗಿ ಕೂರುತ್ತಿದ್ದವು.

ಕುಗ್ಗಿಸಿದ ಮೇಲೆ ಇನ್ನೂ 23 ಕಡಿಮೆಯಾಗಿ ನನ್ನದು 84 ಆಯಿತು. ಮಗ ಆಟ ಆಡುತ್ತಾ ರೆಕಾರ್ಡ್ ಮಾಡಿದ್ದ ವಿಡಿಯೊ 19 ಜಿಬಿ ಇದ್ದವು. ಒಂದೆರಡು ಉಳಿಸಿಕೊಳ್ಳಲು ಚೌಕಾಸಿ ಮಾಡಿ ಕೊನೆಗೆ ಎಲ್ಲ ಅಳಿಸಿದ. ಅವನದು 8, ಅಂದರೆ ಹಂಚಿಕೆಯಿಂದ ಸೊನ್ನೆ.

ಮತ್ತೆ ಕೂಡಿಸಿದೆ. ನನ್ನ 84, ಹೆಂಡತಿಯ 54, ತಂಗಿಯ 29. ಒಟ್ಟು 167. ತಿಂಗಳು ಮುಗಿಯಲು ಇನ್ನೂ ಆರು ದಿನ ಇದ್ದಾಗ 200 ಜಿಬಿ ಪ್ಲಾನ್ ಆರಿಸಿದೆ.

ಈ ಸಲ ಇಳಿದ ದಿನ ಅಪ್ಪನಿಗೆ ಕಳಿಸಲಿಲ್ಲ. 15 ದಾಟಿದ್ದ ಮೂವರನ್ನೇ ಹಿಡಿದೆ. ತಂಗಿಗೆ ಹೊರಗಿನ ಖಾತೆಯಿಂದ ಒಂದು ಮೇಲ್, ಹೆಂಡತಿಯ ಫೋನಿನಿಂದ ಒಂದು ಫೋಟೊ, ನನ್ನ ಡ್ರೈವ್‌ಗೆ ಒಂದು ಫೈಲ್. ಮೂರೂ ಹೋದವು.

ಒಬ್ಬೊಬ್ಬರಿಗೆ ಇಷ್ಟೇ ಎಂದು ಮಿತಿ ಹಾಕುವ ದಾರಿ ನನಗೆ ಸಿಗಲಿಲ್ಲ. ಹಂಚಿಕೆ ನಿಲ್ಲಿಸುವ ಗುಂಡಿ ಇದೆ, ಆದರೆ ಅದು ಎಲ್ಲರಿಗೂ ಒಟ್ಟಿಗೆ. ಒಬ್ಬರು ಒಂದು ವಾರದಲ್ಲಿ 33 ಜಿಬಿ ವಿಡಿಯೊ ತೆಗೆದರೆ ಮೂವರೂ ಒಟ್ಟಿಗೆ ಸಿಕ್ಕಿಬೀಳುತ್ತೇವೆ. ಅದಕ್ಕೆ ಎಲ್ಲರ ಫೋನಿನಲ್ಲೂ ಬ್ಯಾಕಪ್ ಗುಣಮಟ್ಟವನ್ನು ಕಡಿಮೆ ಗಾತ್ರದ್ದಕ್ಕೆ ಬದಲಿಸಿದೆವು. ತಿಂಗಳಿಗೆ ಸುಮಾರು 3 ಜಿಬಿ ಏರುತ್ತಿದೆ. ಪ್ರತಿ ತಿಂಗಳ ಮೊದಲ ವಾರ ಮೊತ್ತ ನೋಡಿ ಬರೆದಿಡುತ್ತೇನೆ. ಕಳೆದ ವಾರ 176 ಇತ್ತು. ಅಪ್ಪನದು 13ಕ್ಕೆ ಬಂದಿದೆ, ಮುಂದಿನ ಸರದಿ ಅವರದು.