ಗೇಟಿನಾಚೆಯ ರಸ್ತೆಯನ್ನು ಡೋರ್‌ಬೆಲ್‌ನಿಂದ ಹೊರಗಿಟ್ಟಿದ್ದು

ಕ್ಯಾಮೆರಾ ಇರುವ ಡೋರ್‌ಬೆಲ್ ಹಾಕಿಸಿದ ಮೊದಲ ದಿನಗಳಲ್ಲಿ ನನ್ನ ಫೋನಿಗೆ ದಿನಕ್ಕೆ ಅರವತ್ತಕ್ಕಿಂತ ಜಾಸ್ತಿ ಅಲರ್ಟ್ ಬರುತ್ತಿದ್ದವು. ಬೈಕ್ ಹೋದರೆ ಒಂದು, ನಾಯಿ ಓಡಿದರೆ ಒಂದು, ಮೋಡ ಸರಿದು ಬಿಸಿಲು ಬಂದರೆ ಇನ್ನೊಂದು. ಮೂರನೇ ದಿನ ಬೇಸತ್ತು, ಎಷ್ಟು ಸಣ್ಣ ಅಲುಗಾಟಕ್ಕೆ ಎಚ್ಚರಿಸಬೇಕು ಅಂತ ಹೇಳುವ ಸೆನ್ಸಿಟಿವಿಟಿಯನ್ನು 7ರಿಂದ 2ಕ್ಕೆ ಇಳಿಸಿಬಿಟ್ಟೆ. ಫೋನ್ ಸುಮ್ಮನಾಯಿತು. ಮರುದಿನ ಸಂಜೆ ಮನೆಗೆ ಬಂದರೆ ಬಾಗಿಲ ಮುಂದೆ ಒಂದು ಪಾರ್ಸೆಲ್ ಮಳೆಯಲ್ಲಿ ನೆನೆಯುತ್ತಾ ಬಿದ್ದಿತ್ತು. ತಂದವರು ಬೆಲ್ ಒತ್ತಿರಲಿಲ್ಲ. ಕ್ಯಾಮೆರಾ ಕೂಡ ಅವರು ಬಂದಿದ್ದನ್ನು ಹಿಡಿದಿರಲಿಲ್ಲ.

ಸೆನ್ಸಿಟಿವಿಟಿಗೆ ಕೊನೆಯಲ್ಲಿ ಕೈ ಹಾಕಬೇಕು ಅಂತ ನನಗೆ ಗೊತ್ತಾಗಿದ್ದು ಹೀಗೆ. ಅದನ್ನು ಇಳಿಸಿದರೆ ರಸ್ತೆಯ ಬೈಕ್ ಜೊತೆಗೆ ಬಾಗಿಲಿಗೆ ಬಂದವರೂ ಮರೆಯಾಗಬಹುದು.

ಮತ್ತೆ 7ಕ್ಕೆ ತಂದು, ಒಂದು ವಾರ ಏನನ್ನೂ ಬದಲಿಸದೆ ಪ್ರತಿ ಅಲರ್ಟನ್ನೂ ತೆರೆದು ನೋಡಿ ಬರೆದಿಟ್ಟುಕೊಂಡೆ. ಎಷ್ಟು ಹೊತ್ತಿಗೆ ಬಂತು, ಚಿತ್ರದಲ್ಲಿ ಏನು ಅಲುಗಾಡಿತು, ಎರಡೇ ವಿಷಯ. ವಾರದ ಕೊನೆಗೆ ಪಟ್ಟಿ ನೋಡಿದಾಗ ಹಗಲಿನ ಸುಳ್ಳು ಅಲರ್ಟ್‌ಗಳಲ್ಲಿ ಬಹುಪಾಲು ಗೇಟಿನಾಚೆಯ ರಸ್ತೆಯವು, ರಾತ್ರಿಯವು ಹೆಚ್ಚಾಗಿ ಹುಳಗಳವು. ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲು ರಸ್ತೆಯದ್ದು. ಚಿತ್ರದ ಯಾವ ಭಾಗದಲ್ಲಿ ಅಲುಗಾಡಿದರೆ ಅಲರ್ಟ್ ಬರಬೇಕು ಅಂತ ಆ್ಯಪ್‌ನಲ್ಲಿ ಗೆರೆ ಎಳೆದು ಗುರುತಿಸಬಹುದು, ಅದೇ ಝೋನ್. ಅದನ್ನು ಬರೆಯುವಾಗ ನಾನು ಗೇಟು, ಅಂಗಳ, ಮೆಟ್ಟಿಲು ಎಲ್ಲವನ್ನೂ ಸೇರಿಸಿ ದೊಡ್ಡದೊಂದು ಚೌಕ ಎಳೆದಿದ್ದೆ. ರಸ್ತೆಯನ್ನು ಬಿಟ್ಟಿದ್ದೇನೆ ಅಂದುಕೊಂಡಿದ್ದೆ. ಆದರೂ ಬೈಕ್‌ಗಳ ಅಲರ್ಟ್ ನಿಲ್ಲಲಿಲ್ಲ. ಮಗಳ ಕೈಗೆ ಫೋನ್ ಕೊಟ್ಟು ನಾನೇ ಗೇಟಿನಾಚೆ ರಸ್ತೆಯಲ್ಲಿ ಅಡ್ಡಾಡಿದೆ. ಮೊದಲನೇ ಸುತ್ತಿಗೇ "ಅಪ್ಪಾ, ಬಂತು!" ಅಂತ ಒಳಗಿಂದ ಕೂಗಿದಳು.

ಕಾರಣ ಚಿತ್ರದಲ್ಲೇ ಇತ್ತು. ಝೋನ್ ಬರೆಯುವುದು ನೆಲದ ಮೇಲಲ್ಲ, ಚಿತ್ರದ ಮೇಲೆ. ಗೇಟಿನ ಸರಳುಗಳ ಸಂದಿಯಲ್ಲಿ ರಸ್ತೆ ಕಾಣುತ್ತದೆ. ನಾನು ಗೇಟನ್ನು ಝೋನ್‌ಗೆ ಸೇರಿಸಿದಾಗ ಅದರ ಹಿಂದೆ ಹಾದುಹೋಗುವ ಬೈಕೂ ತಾನಾಗಿ ಸೇರಿಕೊಂಡಿತ್ತು. ಗೇಟು ಹತ್ತಿರ, ಬೈಕ್ ದೂರ ಅನ್ನುವ ವ್ಯತ್ಯಾಸ ಕ್ಯಾಮೆರಾಗೆ ತಿಳಿಯುವುದಿಲ್ಲ.

ಇಲ್ಲಿ ಡೋರ್‌ಬೆಲ್ ಎಷ್ಟು ಎತ್ತರದಲ್ಲಿದೆ ಅನ್ನುವುದು ಮುಖ್ಯ. ನನ್ನದು ನೆಲದಿಂದ ಸುಮಾರು 4 ಅಡಿ ಮೇಲಿದೆ, ನೇರ ನೋಡುತ್ತದೆ. ಸಮತಟ್ಟಾದ ನೆಲದಲ್ಲಿ ಇಷ್ಟು ಎತ್ತರದಿಂದ ನೋಡಿದರೆ ದೂರದಲ್ಲಿರುವುದೆಲ್ಲ ಚಿತ್ರದ ನಡುಗೆರೆಯ ಆಸುಪಾಸಿನಲ್ಲೇ ಗುಂಪಾಗುತ್ತದೆ. ರಸ್ತೆಯಲ್ಲಿ ಹೋಗುವವರ ಕಾಲು ನಡುಗೆರೆಗಿಂತ ಸ್ವಲ್ಪ ಕೆಳಗೆ, ತಲೆ ಸ್ವಲ್ಪ ಮೇಲೆ. ಬಾಗಿಲಿಗೆ ಬಂದವರಾದರೆ ಚಿತ್ರದ ತಳದಿಂದ ಮೇಲಿನವರೆಗೂ ತುಂಬಿಕೊಳ್ಳುತ್ತಾರೆ. ಅಂದರೆ ಚಿತ್ರದ ಕೆಳಭಾಗಕ್ಕೆ ರಸ್ತೆಯ ವಾಹನವಾಗಲಿ ಮನುಷ್ಯರಾಗಲಿ ಬರಲು ಸಾಧ್ಯವೇ ಇಲ್ಲ. ಬಾಗಿಲಿಗೆ ಬರುವವರು ಮಾತ್ರ ಅದನ್ನು ದಾಟದೆ ಬರಲಾರರು.

ಇದು ಹೊಳೆದ ಮೇಲೆ ಕೆಲಸ ಸಲೀಸಾಯಿತು. ರಸ್ತೆಯ ಹತ್ತಿರದ ಅಂಚು ಚಿತ್ರದಲ್ಲಿ ಎಲ್ಲಿ ಬರುತ್ತದೆ ಅಂತ ನೋಡಿದೆ. ಗುರುತಿಗೆ ಮಗಳನ್ನು ಆ ಅಂಚಿನಲ್ಲೇ ನಿಲ್ಲಿಸಿ ಒಂದು ಫೋಟೋ ಹಿಡಿದೆ. ಝೋನ್‌ನ ಮೇಲಂಚನ್ನು ಅವಳ ಪಾದಕ್ಕಿಂತ ಒಂದಿಷ್ಟು ಕೆಳಗೆ ತಂದೆ. ಗೇಟಿನ ಹೆಚ್ಚಿನ ಭಾಗ ಹೊರಗೆ ಹೋಯಿತು, ಅಂಗಳದ ನೆಲ ಮತ್ತು ಮೆಟ್ಟಿಲು ಮಾತ್ರ ಉಳಿದವು. ಬಂದವರ ಮುಖ ಝೋನ್‌ನಲ್ಲಿಲ್ಲವಲ್ಲ ಅಂತ ಮೊದಲು ಅಳುಕಿದೆ. ಆದರೆ ಝೋನ್ ಇರುವುದು ಯಾವಾಗ ಎಚ್ಚರಿಸಬೇಕು ಅಂತ ಹೇಳಲಿಕ್ಕೆ ಅಷ್ಟೇ. ನನ್ನ ಕ್ಯಾಮೆರಾ ರೆಕಾರ್ಡ್ ಮಾಡುವುದು ಇಡೀ ಚಿತ್ರವನ್ನೇ. ಕಾಲು ಝೋನ್‌ಗೆ ಬಿದ್ದರೆ ಸಾಕು, ಮುಖ ಚಿತ್ರದಲ್ಲಿ ಇದ್ದೇ ಇರುತ್ತದೆ. ರಸ್ತೆಯ ಅಲರ್ಟ್ ಆ ದಿನವೇ ಹೆಚ್ಚುಕಡಿಮೆ ನಿಂತುಹೋದವು.

ನೆರಳು ಮತ್ತು ಹೆಡ್‌ಲೈಟ್ ಬೆಳಕು ಮಾತ್ರ ಝೋನ್‌ಗೆ ಬಗ್ಗಲಿಲ್ಲ. ವಾಹನ ಹೊರಗೇ ಇದ್ದರೂ ಅದರ ಬೆಳಕು ಅಂಗಳಕ್ಕೆ ಬೀಳುತ್ತದೆ ಅಲ್ವಾ? ಇದಕ್ಕೆ ಮನುಷ್ಯರನ್ನು ಗುರುತಿಸುವ ಆಯ್ಕೆ ಕೆಲಸಕ್ಕೆ ಬಂತು. ಯಾವುದೇ ಅಲುಗಾಟವಾದರೂ ರೆಕಾರ್ಡ್ ಆಗಲಿ, ಫೋನಿಗೆ ಅಲರ್ಟ್ ಬರುವುದು ಮನುಷ್ಯರು ಕಂಡಾಗ ಮಾತ್ರ ಅಂತ ಇಟ್ಟೆ. ಗುರುತಿಸುವಿಕೆ ತಪ್ಪಿದರೂ ರೆಕಾರ್ಡಿಂಗ್ ಇರುತ್ತದೆ, ಹುಡುಕಿ ನೋಡಬಹುದು.

ರಾತ್ರಿಯದು ಬೇರೆಯೇ ಕಥೆ. ಕತ್ತಲಾದಾಗ ಕ್ಯಾಮೆರಾ ತನ್ನ ಇನ್‌ಫ್ರಾರೆಡ್ ದೀಪ ಹಚ್ಚಿಕೊಳ್ಳುತ್ತದೆ. ಆ ದೀಪಗಳು ಲೆನ್ಸ್‌ನ ಪಕ್ಕದಲ್ಲೇ ಇರುವುದರಿಂದ ಹತ್ತಿರ ಹಾರುವ ಸಣ್ಣ ಹುಳ ಕೂಡ ಬೆಳ್ಳಗೆ ಉಜ್ಜಿದ ಗೆರೆಯಂತೆ ದೊಡ್ಡದಾಗಿ ಕಾಣುತ್ತದೆ. ಹುಳ ಎಲ್ಲಿ ಬೇಕಾದರೂ ಹಾರುತ್ತದೆ, ಹಾಗಾಗಿ ಝೋನ್ ಇಲ್ಲಿ ಸೋಲುತ್ತದೆ. ಜೇಡರ ಬಲೆಯಂತೂ ಇನ್ನೂ ಕಷ್ಟ. ಗಾಳಿಗೆ ಅಲುಗಾಡಿದಷ್ಟೂ ಅಲರ್ಟ್ ಬರುತ್ತದೆ. ನಾನು ಒಳಗಿನ ಇನ್‌ಫ್ರಾರೆಡ್ ದೀಪ ಆರಿಸಿ, ಡೋರ್‌ಬೆಲ್‌ನಿಂದ 6 ಅಡಿ ದೂರದಲ್ಲಿ ಸಣ್ಣ ಬಲ್ಬ್ ಒಂದನ್ನು ರಾತ್ರಿಯಿಡೀ ಉರಿಸಿದೆ. ಹುಳಗಳು ಬಲ್ಬಿನ ಕಡೆ ಹೋದವು, ಚಿತ್ರವೂ ಬಣ್ಣದಲ್ಲೇ ಬರತೊಡಗಿತು. ಜೊತೆಗೆ ಇನ್ನೊಂದು ತೊಂದರೆಯೂ ತಪ್ಪಿತು. ಸಂಜೆ ಬಣ್ಣದ ಚಿತ್ರ ಕಪ್ಪುಬಿಳುಪಿಗೆ ತಿರುಗುವಾಗ, ಬೆಳಗ್ಗೆ ವಾಪಸ್ ಬರುವಾಗ ಇಡೀ ಚಿತ್ರ ಒಮ್ಮೆಗೇ ಬದಲಾಗಿ ದಿನಕ್ಕೆರಡು ಅಲರ್ಟ್ ತಪ್ಪದೆ ಬರುತ್ತಿದ್ದವು.

ಇಷ್ಟೆಲ್ಲ ಆದ ಮೇಲೆ ಸೆನ್ಸಿಟಿವಿಟಿಗೆ ಬಂದೆ. ಒಂದೊಂದೇ ಅಂಕ ಇಳಿಸುತ್ತಾ, ಪ್ರತಿ ಸಲ ನಡೆದು ನೋಡಿದೆ. ನೇರ ನಡೆದು, ಗೋಡೆಗೆ ಒತ್ತಿಕೊಂಡು ನಡೆದು, ಕೊಡೆ ಹಿಡಿದು, ದೊಡ್ಡ ಪೆಟ್ಟಿಗೆ ಹೊತ್ತು, ರಾತ್ರಿ ಕಪ್ಪು ಬಟ್ಟೆ ಹಾಕಿಕೊಂಡು. 5ರಲ್ಲಿ ಎಲ್ಲವನ್ನೂ ಹಿಡಿಯಿತು. 4ರಲ್ಲಿ ರಾತ್ರಿ ಕಪ್ಪು ಬಟ್ಟೆಯ ನಡಿಗೆ ಎರಡು ಸಲ ತಪ್ಪಿತು. 5ಕ್ಕೇ ನಿಲ್ಲಿಸಿದೆ.

ಬ್ಯಾಟರಿಯಲ್ಲಿ ನಡೆಯುವ ಡೋರ್‌ಬೆಲ್ ಇದ್ದವರಿಗೆ ಒಂದು ಮಾತು. ಅಕ್ಕನ ಮನೆಯದು ಅಂಥದ್ದು. ಅದು ಮೊದಲು ನೋಡುವುದು ಚಿತ್ರವನ್ನಲ್ಲ, ಮೈಯ ಶಾಖದ ಅಲುಗಾಟವನ್ನು. ಆ ಸೆನ್ಸರ್‌ಗೆ ಅಡ್ಡ ಹಾಯುವವರು ಚೆನ್ನಾಗಿ ಸಿಗುತ್ತಾರೆ, ನೇರ ಎದುರಿಗೆ ಬರುವವರು ತಡವಾಗಿ. ನಡುಮಧ್ಯಾಹ್ನ ನೆಲ, ಗೋಡೆ ಕಾದು ಮೈಯಷ್ಟೇ ಬಿಸಿಯಾದಾಗ ಇನ್ನೂ ಮಂಕಾಗುತ್ತದೆ. ಅಲ್ಲಿ ಸೆನ್ಸಿಟಿವಿಟಿ ಏರಿಸುವ ಬದಲು, ಬರುವವರ ದಾರಿ ಅಡ್ಡ ಬೀಳುವಂತೆ ಡೋರ್‌ಬೆಲ್ಲನ್ನು ಓರೆಮಣೆಯ ಮೇಲೆ ಪಕ್ಕಕ್ಕೆ ತಿರುಗಿಸಿ ಕೂರಿಸಿದೆವು.

ನನ್ನ ಮನೆಯಲ್ಲಿ ಈಗ ದಿನಕ್ಕೆ ಐದಾರು ಅಲರ್ಟ್ ಬರುತ್ತವೆ. ಎರಡು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಮತ್ತೆ ಬೈಕ್‌ಗಳು ಶುರುವಾದವು. ಸೆಟ್ಟಿಂಗ್ ಒಂದೂ ಬದಲಾಗಿರಲಿಲ್ಲ. ಆಗ ಝೋನ್ ಬರೆದ ದಿನ ಉಳಿಸಿಕೊಂಡಿದ್ದ ಸ್ಕ್ರೀನ್‌ಶಾಟನ್ನು ಈಗಿನ ಚಿತ್ರದ ಪಕ್ಕ ಇಟ್ಟು ನೋಡಿದೆ. ರಸ್ತೆಯ ಅಂಚು ಝೋನ್‌ನ ಒಳಕ್ಕೆ ಇಳಿದಿತ್ತು. ಗೋಡೆ ಒರೆಸುವಾಗ ಡೋರ್‌ಬೆಲ್ ಕೂದಲೆಳೆಯಷ್ಟು ಮೇಲಕ್ಕೆ ವಾಲಿತ್ತು. ಸ್ಕ್ರೂ ಬಿಗಿ ಮಾಡಿ ಹಳೆಯ ಚಿತ್ರಕ್ಕೆ ಸರಿಹೊಂದಿಸಿದೆ.